ಚೌಕುಳಿ ಬಟ್ಟೆಯಲ್ಲಿ ಕಾಣೆಯಾದ ಅರ್ಧ ಮೀಟರ್

ಪುತ್ತೂರಿನ ಟೈಲರ್ ಅಂಗಡಿಯೊಂದರಲ್ಲಿ ಆರು ವರ್ಷ ಕೆಲಸ ಮಾಡಿದಾಗ ಹೊಲಿಗೆಯ ಜೊತೆಗೆ ಅನುಮಾನ ಪಡುವುದನ್ನೂ ಕಲಿತೆ. ಅಲ್ಲಿನ ಮಾಸ್ಟರು ಗಿರಾಕಿಯ ಬಟ್ಟೆಯಲ್ಲಿ ಗೇಣುದ್ದ ಉಳಿಸಿ, ಮೇಜಿನ ಕೆಳಗಿನ ಚೀಲಕ್ಕೆ ತುರುಕುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಅವರಲ್ಲಿ ಉತ್ತರ ತಯಾರಿರುತ್ತಿತ್ತು: "ಬಟ್ಟೆ ನೀರಲ್ಲಿ ಎಳೆದದ್ದು, ಅಮ್ಮ." ನೀರು ಬಿದ್ದು ಕುಗ್ಗಿತು ಎಂದರ್ಥ. ಹಾಗಾಗಿ ಆ ಮಾತು ಕೇಳಿದರೆ ಇವತ್ತಿಗೂ ನನ್ನ ಕಿವಿ ನೆಟ್ಟಗಾಗುತ್ತದೆ.

ಆಮೇಲೆ ನೆಲ್ಯಾಡಿಯಲ್ಲಿ ನನ್ನದೇ ಅಂಗಡಿ ಮಾಡಿದೆ. ಬಸ್ಸು ನಿಲ್ಲುವಲ್ಲಿ, ಮಾಳಿಗೆಯ ಮೇಲೆ ಒಂದೇ ಕೋಣೆ. ಎರಡು ಮಿಷನ್, ಒಂದು ಕಟಿಂಗ್ ಮೇಜು. ನೀರಿನ ನಳ್ಳಿ ಇರಲಿಲ್ಲ. ಎರಡನೆಯ ಮಿಷನ್ನಿಗೆ ಕಡಬದ ಕಡೆಯಿಂದ ಒಬ್ಬಾಕೆ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಮದುವೆಗೆ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಇದ್ದವರು. ಅಕ್ಕ ಎಂದೇ ಕರೆಯುತ್ತಿದ್ದೆ. ಮಾತು ಕಡಿಮೆ. ತಮ್ಮ ಚೀಲವನ್ನು ಮಾತ್ರ ಯಾವಾಗಲೂ ಕಾಲ ಬಳಿಯೇ ಇಟ್ಟುಕೊಳ್ಳುತ್ತಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿತ್ತು.

ಆ ವರ್ಷ ರಬ್ಬರ್ ತೋಟದ ಮಲಯಾಳಿ ಮನೆಯ ಹೆಂಗಸೊಬ್ಬರು ಎರಡು ಕಟ್ಟು ಬಟ್ಟೆ ತಂದರು. ಅವರ ಭಾಷೆಯಲ್ಲಿ ಅಕ್ಕನಿಗೆ ಚೇಚಿ, ನಾವೂ ಹಾಗೆಯೇ ಕರೆಯುತ್ತಿದ್ದೆವು. ಅವರ ಅಮ್ಮಚ್ಚಿಗೆ, ಅಂದರೆ ಅಮ್ಮನಿಗೆ, ಎಂಬತ್ತು ತುಂಬುವ ದಿನ ಮನೆಯ ಗಂಡಸರೆಲ್ಲ ಒಂದು ತರ, ಹೆಂಗಸರೆಲ್ಲ ಒಂದು ತರ ತೊಡಬೇಕಂತೆ. ಗಂಡಸರ ನಾಲ್ಕು ಶರ್ಟಿಗೆ ಪುತ್ತೂರಿನಿಂದ ತಂದ ನೀಲಿ ಕಾಟನ್, ಹತ್ತು ಮೀಟರ್. ಹೆಂಗಸರ ನಾಲ್ಕು ಕುರ್ತಾಕ್ಕೆ ಕಣ್ಣೂರಿನಿಂದ ತಂದ ಕೈಮಗ್ಗದ ಬಟ್ಟೆ, ಕೆಂಪು ಬಿಳಿ ಚೌಕುಳಿ, ಅದೂ ಹತ್ತು ಮೀಟರ್.

"ಎರಡನ್ನೂ ಅಳೆದೇ ತಗೊಳ್ಳಿ," ಎಂದರು ಚೇಚಿ. ನಗುತ್ತಲೇ ಹೇಳಿದರು, ಆದರೆ ಟೇಪು ಹಿಡಿಯುವ ತನಕ ಕದಲಲಿಲ್ಲ. ಅಳೆದೆವು. ಸರಿಯಾಗಿ ಇತ್ತು.

ಅವರು ಇಳಿದು ಹೋದ ಮೇಲೆ ಅಕ್ಕ ಹೇಳಿದರು, "ನೀರಿಗೆ ಹಾಕದೆ ಕತ್ತರಿ ಹಾಕುದು ಬೇಡ. ನನ್ನ ಮನೆಯಲ್ಲಿ ದೊಡ್ಡ ಟ್ಯಾಂಕಿ ಉಂಟು, ನಾನು ತಗೊಂಡು ಹೋಗ್ತೇನೆ."

ಬ್ಲೌಸಿನ ಲೈನಿಂಗನ್ನು ನಾನೂ ನೆನೆಸಿಯೇ ಹೊಲಿಯುವವಳು. ಮೀಟರಿಗೆ ಎರಡು ಮೂರು ಬೆರಳು ಎಳೆಯುತ್ತದೆ ಎಂದು ಗೊತ್ತಿತ್ತು. ಆಯಿತು ಎಂದೆ.

ಎರಡು ದಿನ ಬಿಟ್ಟು ನೀಲಿ ಬಟ್ಟೆ ಬಂತು. ಅಕ್ಕ ಊಟಕ್ಕೆ ಕೈ ತೊಳೆಯಲು ಕೆಳಗೆ ಹೋದಾಗ ಅಳೆದೆ. ಹತ್ತು ಮೀಟರಿಗೆ ನಾಲ್ಕೈದು ಬೆರಳು ಕಡಿಮೆ, ಅಷ್ಟೆ. ಮರುದಿನ ಚೌಕುಳಿ ಬಂತು. ಅದನ್ನೂ ಅಳೆದೆ. ಒಂಬತ್ತೂವರೆ. ಇನ್ನೊಮ್ಮೆ ಅಳೆದೆ. ಒಂಬತ್ತೂವರೆಯೇ.

ಎರಡೂ ಕಾಟನ್. ಒಂದೇ ಟ್ಯಾಂಕಿ, ಒಂದೇ ಕೈ. ಒಂದು ಎಳೆಯಲಿಲ್ಲ, ಇನ್ನೊಂದು ಅರ್ಧ ಮೀಟರ್ ಎಳೆಯಿತೇ? ಕೊನೆಯ ಅಂಚು ನೋಡಿದೆ. ನೂಲು ಬಿಟ್ಟುಕೊಂಡಿತ್ತು. ಕತ್ತರಿಸಿದ್ದೂ ಇರಬಹುದು, ತೊಳೆದಾಗ ಬಿಟ್ಟದ್ದೂ ಇರಬಹುದು. ಅಕ್ಕನಿಗೆ ಶಾಲೆಗೆ ಹೋಗುವ ಮಗಳಿದ್ದಾಳೆ ಎಂಬುದು ಅದೇ ಹೊತ್ತಿಗೆ ನೆನಪಾಯಿತು.

"ಅಕ್ಕ, ಚೌಕುಳಿ ಸ್ವಲ್ಪ ಕಡಿಮೆ ಬಂದ ಹಾಗೆ ಕಾಣ್ತದಲ್ಲ?" ಎಂದೆ, ಸಹಜವಾಗಿ ಕೇಳಿದ ಹಾಗೆ.

ಅಕ್ಕ ಮಿಷನ್ನಿನಿಂದ ತಲೆ ಎತ್ತಲಿಲ್ಲ. "ನೀರಲ್ಲಿ ಎಳೆದದ್ದು," ಎಂದರು.

ಮಾಸ್ಟರ ಮಾತು, ಅಕ್ಷರ ತಪ್ಪದೆ. ನನಗೆ ಮತ್ತೇನೂ ಬೇಕಾಗಲಿಲ್ಲ.

ಮೂರು ದಿನ ನಾನು ಅವರ ಮೇಲೆ ಕಣ್ಣಿಟ್ಟೆ. ಕತ್ತರಿ ಎತ್ತಿದರೆ ನೋಡುತ್ತಿದ್ದೆ, ಚೀಲ ಎತ್ತಿದರೆ ನೋಡುತ್ತಿದ್ದೆ. ಚೌಕುಳಿಗೆ ಕತ್ತರಿ ಹಾಕದೆ ಏನೇನೋ ನೆವ ಹೇಳಿ ಮುಂದೂಡಿದೆ. ಮೂರನೆಯ ದಿನ ಅವರು ನೂಲು ತರಲು ಕೆಳಗಿನ ಅಂಗಡಿಗೆ ಹೋದಾಗ ಚೀಲದ ಜಿಪ್ಪು ಎಳೆದೆ. ಟಿಫಿನ್ ಡಬ್ಬಿ, ಕೊಡೆ, ಮಾತ್ರೆಯ ಪೊಟ್ಟಣ, ಮಗಳ ಒಂದು ಫೋಟೊ. ಬಟ್ಟೆಯ ಚೂರೂ ಇರಲಿಲ್ಲ. ಮನೆಯಲ್ಲೇ ಇಟ್ಟಿದ್ದಾರೆ ಎಂದುಕೊಂಡೆ. ಅಷ್ಟರ ಮಟ್ಟಿಗೆ ತಲೆ ಕೆಟ್ಟಿತ್ತು.

ಸಂಜೆ ಚೇಚಿ ಬಂದರು. ಕೈಯಲ್ಲಿ ಅದೇ ಚೌಕುಳಿಯ ಒಂದು ಮೀಟರ್ ತುಂಡು.

"ಅದೇ ಥಾನಿಂದು, ಒಂದೇ ಸುರುಳಿಯದ್ದು. ಮೊಮ್ಮಗಳಿಗೆ ಒಂದು ಫ್ರಾಕ್ ಆಗ್ಲಿ ಅಂತ ಮೊದಲೇ ತೆಗೆದಿಟ್ಟಿದ್ದೆ," ಎಂದವರು, ಮಡಿಸಿಟ್ಟ ಚೌಕುಳಿಯ ಮೇಲೆ ಕೈ ಆಡಿಸಿದರು. "ಇನ್ನೂ ಕತ್ತರಿಸ್ಲಿಲ್ವಾ? ಎಂತ, ಬಟ್ಟೆ ಕಡಿಮೆ ಆಯ್ತಾ?"

ನನ್ನ ಕಣ್ಣು ನನಗರಿವಿಲ್ಲದೆ ಅಕ್ಕನ ಕಡೆ ಹೋಯಿತು. ಚೇಚಿಯದೂ ಹೋಯಿತು. ಅವರೇ ಟೇಪು ಎಳೆದು ಅಳೆದರು. "ಅರ್ಧ ಮೀಟರ್ ಎಲ್ಲಿ?"

ಅಕ್ಕ ಮಿಷನ್ ನಿಲ್ಲಿಸಿ ಎದ್ದು ಬಂದರು. ಚೇಚಿಯ ಕೈಯಿಂದ ಹೊಸ ತುಂಡು ತೆಗೆದು ತೊಳೆದ ಬಟ್ಟೆಯ ಮೇಲೆ ಉದ್ದಕ್ಕೆ ಹಾಸಿದರು, ತುದಿಗೆ ತುದಿ ಕೂಡಿಸಿ. ಮೊದಲ ಚೌಕುಳಿಗಳು ಒಂದರ ಮೇಲೊಂದು ಕೂತವು. ಮುಂದೆ ಹೋದ ಹಾಗೆ ಗೆರೆಗಳು ಜಾರತೊಡಗಿದವು.

"ಚೌಕುಳಿಯ ಹತ್ತು ಮನೆ ಎಣಿಸಿ, ಚೇಚಿ. ಎರಡರಲ್ಲೂ."

ಚೇಚಿ ಎಣಿಸಿದರು. ತೊಳೆಯದ್ದರಲ್ಲಿ ಹತ್ತು ಮನೆ ನಲವತ್ತು ಸೆಂಟಿಮೀಟರ್. ತೊಳೆದದ್ದರಲ್ಲಿ ಅದೇ ಹತ್ತು ಮನೆ ಮೂವತ್ತೆಂಟು.

"ಮನೆ ಎಲ್ಲಿಗೂ ಹೋಗ್ಲಿಲ್ಲ. ಹತ್ತು ಮೀಟರಿಗೆ ಇನ್ನೂರೈವತ್ತು ಇರ್ಬೇಕು, ಬೇಕಾದ್ರೆ ಪೂರಾ ಎಣಿಸಿ. ಒಂದೊಂದೂ ಸಣ್ಣ ಆಗಿದೆ, ಅಷ್ಟೆ."

ತೊಳೆದ ಬಟ್ಟೆಯ ಅಂಚಿನಿಂದ ಉದ್ದದ ನೂಲೊಂದನ್ನು ಎಳೆದು ಮೇಜಿನ ಮೇಲಿಟ್ಟರು. ನೂಲು ಅಲೆಅಲೆಯಾಗಿ ಮುದುಡಿಕೊಂಡಿತ್ತು. ಎರಡು ಬೆರಳಲ್ಲಿ ನೇರ ಮಾಡಿದಾಗ ಉದ್ದವಾಯಿತು.

"ಮಗ್ಗದಲ್ಲಿ ಉದ್ದದ ನೂಲನ್ನು ಬಿಗಿಯಾಗಿ ಹಿಗ್ಗಿಸಿಯೇ ನೇಯುದು. ಗಂಜಿ ಹಾಕಿ ಹಾಗೇ ಒಣಗಿಸ್ತಾರೆ. ಹಿಗ್ಗಿದಲ್ಲೇ ನಿಲ್ತದೆ. ಮೊದಲ ಸಲ ನೀರು ಬಿದ್ದಾಗ ಹತ್ತಿ ನೀರು ಕುಡಿದು ಉಬ್ಬುತ್ತದೆ. ಅಡ್ಡ ನೂಲು ದಪ್ಪ ಆದ್ರೆ ಉದ್ದದ್ದು ಅದನ್ನು ಸುತ್ತಿ ಹೋಗ್ಬೇಕಲ್ಲ, ಮಗ್ಗದ ಬಿಗಿಯೂ ಬಿಟ್ಟಿರ್ತದೆ. ಒಣಗಿದ ಮೇಲೂ ಹಾಗೇ ಗಿಡ್ಡ ಉಳೀತದೆ."

"ಮತ್ತೆ ನೀಲಿ?" ನಾನು ಕೇಳಿದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ಅಕ್ಕ ನೀಲಿ ಬಟ್ಟೆಯ ಮೂಲೆಗೆ ಅಂಟಿದ್ದ ಚೀಟಿಯ ಚೂರನ್ನು ತೋರಿಸಿದರು. ನೀರಿಗೆ ಮಾಸಿದ್ದರೂ 'ಪ್ರೀ-ವಾಶ್' ಎಂಬ ಅಕ್ಷರ ಓದಲು ಬರುತ್ತಿತ್ತು. "ಇದು ಮಿಲ್ಲಲ್ಲೇ ತೊಳೆದು ಬಂದದ್ದು. ಎಳೆಯುದನ್ನು ಅಲ್ಲಿಯೇ ಎಳೆದಾಗಿದೆ, ಇನ್ನು ಸ್ವಲ್ಪ ಮಾತ್ರ. ಗಾರ್ಮೆಂಟ್ಸಲ್ಲಿ ನನ್ನ ಕೆಲಸವೇ ಅದಿತ್ತು. ಬಟ್ಟೆಗೆ ಪೆನ್ನಲ್ಲಿ ಚೌಕ ಬರೆದು, ತೊಳೆದು, ಎಷ್ಟು ಕುಗ್ಗಿತು ಅಂತ ಅಳೆಯುದು."

ಚೇಚಿ ತುಂಡನ್ನು ಕೈಯಲ್ಲಿ ಉಜ್ಜಿ ನೋಡಿದರು. ಹೊಸದು ಕಾಗದದ ಹಾಗೆ ಗರಿಗರಿ, ತೊಳೆದದ್ದು ಮೆತ್ತಗೆ, ಕೊಂಚ ದಪ್ಪ. "ಅಯ್ಯೋ, ಹಾಗೇ ಹೊಲಿಸಿದ್ದರೆ ನಮ್ಮ ಕುರ್ತಾ ಎಲ್ಲ ಮೊಣಕಾಲಿಗೆ ಏರ್ತಿತ್ತು ಮಾರಾಯ್ತಿ," ಎಂದು ನಗುತ್ತಾ ಮೆಟ್ಟಿಲಿಳಿದರು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಮೀಟರಿಗೆ ಎರಡು ಮೂರು ಬೆರಳು ಎಂದು ಗೊತ್ತಿದ್ದೂ ನಾನು ಅದನ್ನು ಹತ್ತರಿಂದ ಗುಣಿಸಿರಲಿಲ್ಲ.

"ಚೀಲದ ಜಿಪ್ಪು ನಾನು ಪೂರ್ತಿ ಹಾಕುದಿಲ್ಲ. ಅರ್ಧಕ್ಕೆ ನಿಲ್ಲಿಸುದು, ಅದು ಸಿಕ್ಕಿಕೊಳ್ತದೆ," ಎಂದರು ಅಕ್ಕ. "ಇವತ್ತು ಪೂರ್ತಿ ಹಾಕಿತ್ತು."

ನಾನು ತಪ್ಪಾಯಿತು ಎಂದೆ. ಮಾಸ್ಟರ ವಿಷಯವನ್ನೂ ಹೇಳಿದೆ. ಅಕ್ಕ ಕೇಳಿಸಿಕೊಂಡರು. "ನೇರ ಕೇಳಿದ್ರೆ ಅವತ್ತೇ ತೋರಿಸ್ತಿದ್ದೆ," ಎಂದಷ್ಟೇ ಹೇಳಿ ಚೌಕುಳಿ ಹಾಸಿ, ಸೀಮೆಸುಣ್ಣ ತೆಗೆದುಕೊಂಡರು. ಒಂಬತ್ತೂವರೆಯಲ್ಲೇ ನಾಲ್ಕು ಕುರ್ತಾ ಹೊಂದಿಸಿ ಕತ್ತರಿಸಿದರು.

ಅಕ್ಕ ಮತ್ತೂ ಐದು ವರ್ಷ ನನ್ನ ಜೊತೆ ಇದ್ದರು. ಆದರೆ ಆಮೇಲೆ ತೊಳೆಯಲು ಬಟ್ಟೆ ಕೊಟ್ಟಾಗಲೆಲ್ಲ, ಕೊಂಡೊಯ್ಯುವ ಮೊದಲು ಮೇಜಿನ ಮೇಲೆ ಹಾಸಿ, "ನೋಡಿ," ಎನ್ನುತ್ತಿದ್ದರು. ತಂದ ಮೇಲೂ ಹಾಗೆಯೇ. ಬೇಡ ಅಕ್ಕ, ನಂಬಿಕೆ ಉಂಟು ಎಂದು ನಾನು ಎಷ್ಟು ಹೇಳಿದರೂ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಡದೆ ಬಿಡುತ್ತಿರಲಿಲ್ಲ.