ತೆಗೆಯಲ್ಲ ಸಾರ್, ಕಾಂಕಿ ಅಲ್ಲೇ ಇರುತ್ತೆ

ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಸೈಬರ್ ಸೆಂಟರ್‌ನಲ್ಲಿ ನಾನು ಕೆಲಸಕ್ಕಿದ್ದೆ. ದಿನಾ ಚಾಮರಾಜನಗರದಿಂದ ಬಸ್ಸು. ಗಿರಾಕಿಗಳು ಕೂರುವ ಆರು ಕಂಪ್ಯೂಟರೂ ಹಳೆಯವು, ವೈರಸ್ ಹೊಡೆದು ವಾರಕ್ಕೊಮ್ಮೆ ಮಲಗುತ್ತಿದ್ದವು. ಅವುಗಳಿಗೆಲ್ಲ ವಿಂಡೋಸ್ ತೆಗೆದು, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಎಬ್ಬಿಸಿದವಳು ನಾನು. ಪುಸ್ತಕ ಓದಿ, ಬೈಸಿಕೊಂಡು, ಒಬ್ಬಳೇ ಮಾಡಿದ್ದು. ಆದರೂ ನೆಟ್ ನಿಧಾನವಾದಾಗಲೆಲ್ಲ ನಮ್ಮ ಓನರ್ ಬಾಯಲ್ಲಿ ಒಂದೇ ಮಾತು: “ಎಲ್ಲಾ ನಿನ್ ಲಿನಕ್ಸಿಂದ ಕಣಮ್ಮಿ.”

ಮೈಸೂರಿನಿಂದ ಒಬ್ಬನನ್ನು ಕರೆಸಿ ಎಲ್ಲವನ್ನೂ ಅಳಿಸಿ ಕಾಪಿ ವಿಂಡೋಸ್ ಹಾಕಿಸುತ್ತೇನೆ ಎಂದರು ಒಂದು ದಿನ. ನನಗೆ ಮೈಯೆಲ್ಲ ಉರಿದುಹೋಯಿತು. ಅಳಿಸುವುದಿದ್ದರೆ ತಪ್ಪು ಯಾರದೆಂದು ತೋರಿಸಿ ಅಳಿಸಲಿ!

ಆಗಲೇ ಕಾಂಕಿ ಸಿಕ್ಕಿದ್ದು. ಡೆಸ್ಕ್‌ಟಾಪಿನ ಚಿತ್ರದ ಮೇಲೆಯೇ ಗಡಿಯಾರ, ಮೆಮೊರಿ, ನೆಟ್ಟಿನ ವೇಗ ಎಲ್ಲವನ್ನೂ ಬರೆದು ತೋರಿಸುವ ಪುಟ್ಟ ಪ್ರೋಗ್ರಾಮ್ ಅದು. ಏನು ತೋರಿಸಬೇಕು ಎನ್ನುವುದನ್ನು ಒಂದು ಫೈಲಿನಲ್ಲಿ ಸಾಲು ಸಾಲಾಗಿ ನಾವೇ ಬರೆಯಬೇಕು. ಮೊದಲು ಅಕ್ಷರಗಳು ಸೆಕೆಂಡಿಗೊಮ್ಮೆ ಮಿಣುಕಿ ಕಣ್ಣು ಕುಕ್ಕಿದವು. ಡಬಲ್ ಬಫರ್ ಎನ್ನುವ ಸಾಲು ಸೇರಿಸಿದೆ, ತೆಪ್ಪಗಾದವು. ಆರಕ್ಕೂ, ನನ್ನ ಟೇಬಲ್ಲಿನದಕ್ಕೂ ಹಾಕಿದೆ, ಬಲಮೂಲೆಯಲ್ಲಿ ಬಿಳಿ ಅಕ್ಷರಗಳು. ನನಗಂತೂ ಬಲು ಚೆಂದ ಕಂಡಿತು.

ಓನರ್ ಬಂದು ನೋಡಿ ಚಪ್ಪಾಳೆ ತಟ್ಟಿ ನಕ್ಕರು. “ನೋಡ್ದಾ! ಮೆಮೊರಿ ನೂರಕ್ಕೆ ತೊಂಬತ್ತರ್ ಮ್ಯಾಕದೆ! ಎಲ್ಲಾನೂ ನುಂಗ್ಬುಟ್ಟದೆ ನಿನ್ ಲಿನಕ್ಸು. ಇನ್ ಮಾತ್ ಬ್ಯಾಡ, ಭಾನುವಾರ ಅವ್ನು ಬತ್ತಾನೆ.”

ನನ್ನ ಕಾಂಕಿ ನನಗೇ ತಿರುಗುಬಾಣವಾಗಿತ್ತು. ಖಾಲಿ ಇರುವ ಮೆಮೊರಿಯನ್ನು ಲಿನಕ್ಸ್ ಸುಮ್ಮನೆ ಬಿಡುವುದಿಲ್ಲ. ಓದಿದ ಫೈಲುಗಳನ್ನು ಅಲ್ಲೇ ಇಟ್ಟುಕೊಂಡಿರುತ್ತದೆ, ಯಾರಾದರೂ ಜಾಗ ಕೇಳಿದರೆ ತಕ್ಷಣ ಬಿಟ್ಟುಕೊಡುತ್ತದೆ. ಅದನ್ನು ಲೆಕ್ಕದಿಂದ ಕಳೆಯಲು ನೋ ಬಫರ್ಸ್ ಎನ್ನುವ ಸಾಲಿಗೆ ಯೆಸ್ ಎನ್ನಬೇಕು. ನಾನು ನೋ ಎಂದು ಬರೆದಿದ್ದೆ. ತಿದ್ದಿದೆ, ತೊಂಬತ್ತು ಹೋಗಿ ನಲವತ್ತಾಯಿತು. ಓನರ್ ನಂಬಿಯಾರೇ? “ಅದ್ಕೂ ಸುಳ್ಳೇಳೋದ್ ಕಲಿಸ್ಬುಟ್ಯಾ?” ಅಂದರು.

ಶುಕ್ರವಾರ ಸಂಜೆ ಆರು ಕುರ್ಚಿಗಳೂ ತುಂಬಿದ್ದವು. ನಮ್ಮ ತಾಲ್ಲೂಕಿನದೇ ಆದ ಕಾಡಂಚಿನ ಮದ್ದೂರಿನ ಕಡೆಯ ಹುಡುಗರು ಕೆಲಸಕ್ಕೆ ಅರ್ಜಿ ತುಂಬಲು ಬಂದಿದ್ದರು. ಒಂದು ಪುಟವೂ ತೆರೆಯುತ್ತಿಲ್ಲ. ಅವರ ಗಲಾಟೆ ಕೇಳಿ ಓನರ್ ತಮ್ಮ ಕ್ಯಾಬಿನ್ನಿನಿಂದ ಹೊರಬಂದು, “ಭಾನುವಾರದ್ ತಂಕ ತಡ್ಕಳ್ರಪ್ಪಾ, ಈ ಲಿನಕ್ಸ್ ಪೀಡೆ ತೊಲಗ್ತದೆ” ಅಂದರು. ಎಲ್ಲರೆದುರು!

ನಾನು ನನ್ನ ಟೇಬಲ್ಲಿನ ಕಂಪ್ಯೂಟರ್ ನೋಡಿದೆ. ಸೆಂಟರಿನ ನೆಟ್ಟೆಲ್ಲ ಅದರ ಮೂಲಕವೇ ಹಾದುಹೋಗುತ್ತದೆ. ಅಲ್ಲಿಯ ಕಾಂಕಿಯಲ್ಲಿ ಡೌನ್‌ಲೋಡ್ ಸೆಕೆಂಡಿಗೆ ಇಪ್ಪತ್ತೊಂಬತ್ತು ಕೆಬಿ. ನಮ್ಮ ಲೈನಿಗೆ ಬರುವುದೇ ಅಷ್ಟು. ಅಂದರೆ ಲೈನು ಪೂರ್ತಿ ಹರಿಯುತ್ತಿದೆ, ಯಾರೋ ಕುಡಿಯುತ್ತಿದ್ದಾರೆ.

ಎದ್ದು ನಿಂತೆ. “ಎಲ್ಲರೂ ಬ್ರೌಸರ್ ಕೆಳಗಿಳಿಸಿ. ಬಲಮೂಲೆಯಲ್ಲಿ ಡೌನ್ ಅಂತಿದೆಯಲ್ಲ, ಎಷ್ಟಿದೆ ಓದಿ ಹೇಳಿ.”

“ಸೊನ್ನೆ ಅಕ್ಕ.” “ನಂದೂ ಸೊನ್ನೆಯಾ.” “ನಂದ್ ಒಂದು ಕಣಕ್ಕ, ಈಗ ಅದೂ ಓಯ್ತು.”

“ಲೈನಲ್ಲಿ ಇಪ್ಪತ್ತೊಂಬತ್ತು ಬರ್ತಾ ಇದೆ ಸಾರ್. ಈ ಆರಕ್ಕೂ ಸಿಗ್ತಾ ಇರೋದು ಒಂದು. ಉಳಿದದ್ದು ಎಲ್ಲಿಗೆ ಹೋಗ್ತಾ ಇದೆ? ಕಾಂಕಿ ಇಲ್ಲದ ಕಂಪ್ಯೂಟರ್ ಇಡೀ ಸೆಂಟರಲ್ಲಿ ಒಂದೇ. ಅದರಲ್ಲಿ ಲಿನಕ್ಸೂ ಇಲ್ಲ.”

ಹುಡುಗರ ತಲೆಗಳೆಲ್ಲ ಒಟ್ಟಿಗೆ ಕ್ಯಾಬಿನ್ನಿನ ಕಡೆ ತಿರುಗಿದವು. ಅದರ ಬಾಗಿಲು ತೆರೆದೇ ಇತ್ತು. ಓನರ್ ಅವರ ವಿಂಡೋಸ್ ಪರದೆಯಲ್ಲಿ ಸಿನಿಮಾ ಇಳಿಯುತ್ತಿದ್ದ ಹಸಿರು ಪಟ್ಟಿ ದೂರಕ್ಕೂ ಕಾಣುತ್ತಿತ್ತು. ಒಬ್ಬ ಕಿಸಕ್ಕೆಂದ.

ಓನರ್ ಒಳಗೆ ಹೋಗಿ ಅದನ್ನು ನಿಲ್ಲಿಸಿದರು. ಪರದೆಗಳಲ್ಲಿ ನಾಲ್ಕು, ಆರು, ಐದು ಎಂದು ಅಂಕಿಗಳು ಏಳತೊಡಗಿದವು, ಅರ್ಜಿಯ ಪುಟ ತೆರೆಯಿತು. ಆಮೇಲೆ ಅವರು ನನ್ನ ಟೇಬಲ್ಲಿಗೆ ಬಂದು ಮೆಲ್ಲಗೆ ಹೇಳಿದರು: “ಆಯ್ತು, ಲಿನಕ್ಸ್ ಇರ್ಲಿ ಬುಡು. ಆ ನಂಬರ್ ತೋರ್ಸೋದ್ ಮಾತ್ರ ತಗ್ದ್‌ಬುಡಮ್ಮಿ.”

ಹೂಂ ಅನ್ನಬಹುದಿತ್ತು. ನನಗೆ ಬೇಕಾದದ್ದು ಸಿಕ್ಕಿತ್ತಲ್ಲ? ಆದರೆ ಕಾಂಕಿ ಹೋದರೆ ಮುಂದಿನ ಶುಕ್ರವಾರ ಮತ್ತೆ ಅದೇ ಬೈಗುಳ.

“ತೆಗೆಯಲ್ಲ ಸಾರ್.”

“ತಗೀದೆ ಇದ್ರೆ ಭಾನುವಾರ ಅವ್ನ್ ಬತ್ತಾನೆ, ನೋಡ್ಕೊ.”

“ಬರಲಿ. ಆರಕ್ಕೂ ವಿಂಡೋಸ್ ಹಾಕಿಸಿ. ಆಮೇಲೂ ನೆಟ್ ನಿಂತರೆ ಈ ಹುಡುಗರಿಗೆ ಏನಂತೀರಿ?”

ಅವರ ಮುಖ ಕೆಂಪಾಯಿತು. ನಾನು ಕಣ್ಣು ಕೆಳಗಿಳಿಸಲಿಲ್ಲ. ಅವರು ಮೊಬೈಲ್ ತೆಗೆದರು, ಮೈಸೂರಿನವನಿಗೆ ನನ್ನೆದುರೇ ಫೋನ್ ಹಚ್ಚಿದರು. “ಭಾನುವಾರ ಬರ್ಬ್ಯಾಡ ಕಣ್ಲಾ” ಎಂದಷ್ಟೇ ಹೇಳಿ ಇಟ್ಟರು.

ಆಮೇಲೆ ಬಹಳ ದಿನ ಅವರು ನನ್ನೊಂದಿಗೆ ಮಾತಾಡಲಿಲ್ಲ. ಆಡದಿದ್ದರೆ ಬಿಡಲಿ. ಆರರಲ್ಲೂ ಲಿನಕ್ಸ್ ಉಳಿಯಿತು, ಬಲಮೂಲೆಯಲ್ಲಿ ಕಾಂಕಿಯೂ.