ಅವರ ನಾಳೆ, ನಮ್ಮ ಇವತ್ತು

ಮಾಳಮಡ್ಡಿಯಲ್ಲಿ ನಾನು ನಾಲ್ಕು ಕಂಪ್ಯೂಟರಿನ ಸೈಬರ್ ಕೆಫೆ ನಡೆಸುತ್ತಿದ್ದ ಕಾಲ. ಮಿಷನ್ ಶಾಲೆಯಿಂದ ನಿವೃತ್ತರಾಗಿದ್ದ ಸಂಗೀತದ ಅಕ್ಕೋರು ಆ ಡಿಸೆಂಬರಿನಲ್ಲಿ ದಿನಾಲೂ ಬರುತ್ತಿದ್ದರು. ಚರ್ಚಿನ ಹಳೆಯ ಕಾಲುಹಾರ್ಮೋನಿಯಂ ಕೆಟ್ಟಿತ್ತು. ಯಾವ ಮನೆಯನ್ನೂ, ಅಂದರೆ ಕೀಲಿಯನ್ನೂ, ಒತ್ತದಿದ್ದರೂ ಒಂದು ಸ್ವರ ಸುಮ್ಮನೆ ಗುಂಯ್‌ಗುಡುತ್ತಿತ್ತು. ಅಂಥ ವಾದ್ಯಗಳನ್ನು ರಿಪೇರಿ ಮಾಡುವ ಇಂಗ್ಲೆಂಡಿನ ಮುದುಕರೊಬ್ಬರು ಅವರಿಗೆ ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದರು.

ಒಂದು ಬುಧವಾರ ಮಧ್ಯಾಹ್ನ ಮೂರರ ಹೊತ್ತಿಗೆ ಆ ಮುದುಕರ ಮೇಲ್ ಬಂದಿದ್ದು ಕಂಡಿತು. ಕ್ರಿಸ್‌ಮಸ್ಸಿಗೆ ತಂಗಿಯ ಮನೆಗೆ ಬಂದಿದ್ದೇನೆ, ನಾಳೆ ಬೆಳಿಗ್ಗೆ ಇಲ್ಲಿಯ ಎಂಟು ಗಂಟೆಗೆ ಚರ್ಚಿಗೆ ಫೋನ್ ಮಾಡುತ್ತೇನೆ, ವಾದ್ಯದ ಹಿಂದಿನ ಹಲಗೆ ಬಿಚ್ಚಿಟ್ಟಿರಿ ಎಂದಿತ್ತು. ಊರಿನ ಹೆಸರು ಬರೆದಿರಲಿಲ್ಲ.

ಇಂಗ್ಲೆಂಡಿನ ಎಂಟೆಂದರೆ ನಮ್ಮ ಒಂದೂವರೆ, ಗುರುವಾರ ಊಟ ಮುಗಿಸಿ ಚರ್ಚಿಗೆ ಹೋದರಾಯಿತು ಎಂದು ಅಕ್ಕೋರು ಏಳತೊಡಗಿದರು. ತಂಗಿಯ ಮನೆ ಎಲ್ಲಿದೆಯೋ ಎಂದು ನನಗೆ ಅನುಮಾನ ಬಂತು. ಆ ಮೇಲ್ ಯಾವಾಗ, ಯಾವ ದಾರಿಯಲ್ಲಿ ಬಂತೆಂದು ತೋರಿಸುವ ಅದರ ಪೂರ್ತಿ ಹೆಡರ್ ತೆರೆದೆ. ದಿನಾಂಕದ ಸಾಲಿನಲ್ಲಿ ಮಂಗಳವಾರ, 19:45, ಅದರ ಪಕ್ಕ -0330 ಎಂದಿತ್ತು. ಅವರ ಹಿಂದಿನ ಮೇಲುಗಳಲ್ಲಿ ಆ ಜಾಗದಲ್ಲಿ +0000 ಇರುತ್ತಿತ್ತು.

ಆ ಮೈನಸ್ ಗುರುತಿನ ಅರ್ಥ, ತಂಗಿಯ ಮನೆ ಇಂಗ್ಲೆಂಡಿನಲ್ಲಿಲ್ಲ, ಅಲ್ಲಿಯ ಗಡಿಯಾರ ಗ್ರೀನಿಚ್‌ಗಿಂತ, ಅಂದರೆ ಇಂಗ್ಲೆಂಡಿನ ಸಮಯಕ್ಕಿಂತ, ಮೂರೂವರೆ ತಾಸು ಹಿಂದೆ. ನಾವು ಐದೂವರೆ ತಾಸು ಮುಂದೆ. ನಡುವೆ ಒಂಬತ್ತು ತಾಸು. ಅವರು ಮಂಗಳವಾರ ರಾತ್ರಿ ಬರೆದಾಗ ನಮಗೆ ಬುಧವಾರ ನಸುಕು. ಕಳಿಸಿದ ಕಂಪ್ಯೂಟರಿನ ಗಡಿಯಾರವೇ ತಪ್ಪಿದ್ದರೆ ಎಂದು, ಮೇಲ್ ದಾಟಿ ಬಂದ ದಾರಿಯ ಸರ್ವರುಗಳು ನಮೂದಿಸಿದ್ದ ಸಮಯವನ್ನೂ ನೋಡಿದೆ. ಲೆಕ್ಕ ಕೂಡಿತು.

"ಅಕ್ಕೋರ, ಅವರ ನಾಳೆ ಅಂದ್ರ ನಮ್ಮ ಇವತ್ತರಿ. ಸಂಜಿ ಐದಕ್ಕ ಫೋನ್ ಬರ್ತೈತ್ರಿ."

ಅವರು ಗೋಡೆಯ ಗಡಿಯಾರ ನೋಡಿದರು. "ಹಲಗಿ ಬಿಚ್ಚಾಕ ನನ್ನ ಕೈಲೆ ಆಗಂಗಿಲ್ಲಪಾ. ನೀನೂ ಬಾ," ಅಂದರು.

ಹೆಂಡತಿಯನ್ನು ಕೆಫೆಯಲ್ಲಿ ಕೂರಿಸಿ, ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು, ಅಕ್ಕೋರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಹಲಗೆ ಬಿಚ್ಚಿದಾಗ ಎದ್ದ ಧೂಳಿಗೆ ಇಬ್ಬರೂ ಸೀನಿದೆವು. ಪಾದ್ರಿಗಳ ಕೋಣೆಯಿಂದ ಫೋನಿನ ಉದ್ದ ವೈರನ್ನು ಎಳೆದು ತಂದೆವು. ಐದು ದಾಟುತ್ತಲೇ ಫೋನ್ ಬಾರಿಸಿತು.

ಅಕ್ಕೋರು ಕಾಲಿಂದ ಗಾಳಿ ತುಂಬಿದರು. ನಾನು ರಿಸೀವರನ್ನು ವಾದ್ಯದ ಹತ್ತಿರ ಹಿಡಿದೆ. ಗುಂಯ್ ಸದ್ದು ಕೇಳಿದ ಮುದುಕರು, ಆ ಮನೆಯ ಕೆಳಗಿನ ಗಾಳಿಬಾಗಿಲು ಪೂರ್ತಿ ಮುಚ್ಚುತ್ತಿಲ್ಲ, ಸಂದಿಯಲ್ಲಿ ಏನೋ ಕೂತಿದೆ ಎಂದರು. ಪೋಸ್ಟ್‌ಕಾರ್ಡಿನ ತುಂಡು ತೂರಿಸಿ ಮೆಲ್ಲಗೆ ಎಳೆದೆ. ಕಟ್ಟಿಗೆಯ ಸಣ್ಣ ಚೂರೊಂದು ಉದುರಿತು. ಸದ್ದು ನಿಂತಿತು.

ಅಕ್ಕೋರು ಹಾಡೊಂದನ್ನು ನುಡಿಸತೊಡಗಿದರು. ಅತ್ತ ತಂಗಿಯ ಮನೆಯವರೆಲ್ಲ ಫೋನಿನ ಸುತ್ತ ಸೇರಿದ್ದಾರೆಂದು ಮುದುಕರು ಹೇಳಿದರು. ಹಾಡು ಮುಗಿಯುವ ತನಕ ನಾನು ರಿಸೀವರ್ ಎತ್ತಿ ಹಿಡಿದೇ ನಿಂತಿದ್ದೆ. ಕೈ ಸೋತಿತ್ತು, ಆದರೆ ಇಳಿಸಲು ಮನಸ್ಸಾಗಲಿಲ್ಲ.