ಮೂರನೇ ಪ್ಯಾರಾಕ್ಕೆ ಇಳಿದ ಮಾತು

ಇಳಕಲ್ಲಿನ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ರೂಮಿದೆ. ಅಲ್ಲಿ ಎರಡು ವರ್ಷದಿಂದ ಒಬ್ಬ ಇಂಜಿನಿಯರ್ ಹುಡುಗಿ ಬಾಡಿಗೆಗಿದ್ದಾಳೆ. ಹುನಗುಂದದ ಹತ್ತಿರ ಊರಿಗೆ ನೀರು ಕೊಡುವ ದೊಡ್ಡ ಟ್ಯಾಂಕ್ ಕಟ್ಟುತ್ತಿರುವ ಕಂಪನಿಯಲ್ಲಿ ಅವಳು ಸೈಟ್ ಇಂಜಿನಿಯರ್. ಬೆಳಿಗ್ಗೆ ಸ್ಕೂಟಿ ಮೇಲೆ ಹೋದರೆ ಸಂಜೆ ಬೂಟಿಗೆ ಕಪ್ಪು ಎರಿ ಮಣ್ಣು ಮೆತ್ತಿಕೊಂಡು ಬರುತ್ತಿದ್ದಳು. ಬೂಟನ್ನು ಮೆಟ್ಟಿಲ ಕೆಳಗೇ ಬಿಚ್ಚಿ, 'ಆಂಟಿ, ಚಾ ಆತೇನ್ರಿ?' ಅನ್ನುತ್ತ ನನ್ನ ಅಡುಗೆಮನೆಗೆ ಬರುವುದು ಅವಳ ರೂಢಿ.

ಅವತ್ತು ಚಾ ಕೇಳಲಿಲ್ಲ. ಒಂದು ಹಾಳೆ ಹಿಡಿದುಕೊಂಡು ಬಂದಳು.

'ಆಂಟಿ, ನಮ್ಮ ಮ್ಯಾನೇಜರ್ ಸಾಹೇಬ್ರಿಗೆ ಒಂದು ಲೆಟರ್ ಬರದೇನಿ. ನನ್ನ ಇಂಗ್ಲಿಷ್ ನಿಮಗ ಗೊತ್ತಲ್ರಿ. ಸ್ವಲ್ಪ ತಿದ್ದಿ ಕೊಡ್ರಿ.'

ನಾನು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ಅದಕ್ಕೂ ಮೊದಲು ಬೆಳಗಾವಿಯಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು. ಬೋರ್ಡಿಂಗಿನಲ್ಲಿ ಪ್ರತಿ ಭಾನುವಾರ ಮನೆಗೆ ಲೆಟರ್ ಬರೆಯಬೇಕಿತ್ತು. ಅದನ್ನು ಕವರಿಗೆ ಹಾಕುವ ಮುಂಚೆ ಸಿಸ್ಟರ್ ಓದುತ್ತಿದ್ದರು. ನನಗೆ ಒಮ್ಮೆ ಜ್ವರ ಬಂದಿತ್ತು. 'ಅಪ್ಪಾ, ನನ್ನ ಕರಕೊಂಡು ಹೋಗು' ಎಂದು ಶುರು ಮಾಡಿದ್ದೆ. ಸಿಸ್ಟರ್ ಆ ಲೆಟರನ್ನು ಹರಿದು ಹಾಕಿ, ಹೊಸ ಹಾಳೆ ಕೊಟ್ಟು, 'ಮೊದಲು ಅವರ ಕ್ಷೇಮ ಕೇಳು, ಆಮೇಲೆ ಇಲ್ಲಿನ ಒಳ್ಳೇ ಸುದ್ದಿ ಹೇಳು, ಬೇಡಿಕೆ ಕೊನೆಗೆ. ಅದು ಮ್ಯಾನರ್ಸ್' ಎಂದರು. ಹತ್ತು ವರ್ಷದ ನಾನು ಜ್ವರದಲ್ಲೇ ಹಂಗೇ ಬರೆದೆ. ಆಮೇಲೆ ನನ್ನ ಕೈ ಮತ್ತೊಂದು ತರಹ ಬರೆಯಲೇ ಇಲ್ಲ.

ಹುಡುಗಿಯ ಲೆಟರಿನ ಮೊದಲ ಸಾಲು ಹೀಗಿತ್ತು: ಟ್ಯಾಂಕಿನ ಸುತ್ತಲಿನ ಸ್ಕ್ಯಾಫೋಲ್ಡಿಂಗ್ ಸುರಕ್ಷಿತವಾಗಿಲ್ಲ, ಮೇಲಿನ ಕೆಲಸ ಈಗಲೇ ನಿಲ್ಲಿಸಿ, ನಾಳೆ ಯಾರೂ ಹತ್ತದಂತೆ ಆರ್ಡರ್ ಕೊಡಿ.

'ಏನಾಗೈತಿ ಅಲ್ಲಿ?' ಎಂದೆ.

ಅವಳು ಫೋನಿನಲ್ಲಿ ಫೋಟೋ ತೋರಿಸಿದಳು. ಎತ್ತರದ ಕಂಬಗಳ ಮೇಲೆ ಕೂತ ದುಂಡನೆಯ ಟ್ಯಾಂಕ್, ಅದರ ಸುತ್ತ ನೆಲದಿಂದ ಕಬ್ಬಿಣದ ಪೈಪಿನ ಅಟ್ಟಣಿಗೆ. ಹೊರಗಿನ ಗಿಲಾಯಿ, ಅಂದರೆ ಸಿಮೆಂಟ್ ಪ್ಲಾಸ್ಟರ್, ನಡೆದಿತ್ತು.

'ಇಲ್ನೋಡ್ರಿ. ಈ ಪೈಪಿನ ಕಾಲು ನಿಂತಿದ್ದು ಪಾಯಾ ತೋಡಿ ತುಂಬಿದ ಸಡಲ ಮಣ್ಣಿನ ಮ್ಯಾಲ. ಕೆಳಗ ಪ್ಲೇಟ್ ಇಲ್ಲ, ಹಲಗಿ ಇಲ್ಲ. ಎರಿ ಮಣ್ಣು, ಮೊನ್ನೆ ಮಳಿ ಬೇರೆ. ಒಂದು ಕಡೆ ನಾಕು ಬೆರಳು ಕುಂತೈತ್ರಿ. ಮತ್ತ ಇಲ್ಲಿ, ಪೈಪನ್ನ ಕಂಬಕ್ಕ ಬಿಗಿದ ಟೈ ಇರಬೇಕು. ಗಿಲಾಯಿ ಮಾಡಾಕ ಅಡ್ಡ ಬರ್ತಾವಂತ ಗೌಂಡಿಗಳು ಬಿಚ್ಚಿ ಒಗದಾರ.'

'ಟೈ ಬಿಚ್ಚಿದ್ರ ಏನಾಗ್ತದ?'

'ಅಷ್ಟೆತ್ತರದ ಅಟ್ಟಣಿಗಿ ಯಾವುದನ್ನೂ ಹಿಡಕೊಳ್ಳದ ತಾನ ನಿಂತಂಗ್ರಿ. ಕಾಲು ಇನ್ನೊಂಚೂರು ಕುಂತ್ರ, ಅತ್ಲಾಗ ವಾಲ್ತದ. ಮ್ಯಾಲ ಹಿಡಕೊಳ್ಳಾಕ ಕೈಕಟ್ಟಿನ ಪೈಪೂ ಇಲ್ಲ.'

'ನೀನ ಇಳೀರಿ ಅನ್ನಬಾರದ?'

'ಅಂದೇನ್ರಿ. ಮೇಸ್ತ್ರಿ ಏನಂದ ಗೊತ್ತೇನ್ರಿ? "ಮ್ಯಾಡಂ, ನಿಮಗ ಕೆಳಗ ನಿಂತ ತಲಿ ತಿರಗತೈತಿ, ನಮಗ ಮ್ಯಾಲ ನಿಂತ್ರೂ ತಿರಗೂದಿಲ್ಲ" ಅಂದ. ಎಲ್ಲಾರೂ ನಕ್ರು. ಸಾಹೇಬ್ರು ಹೇಳಿದ್ರ ಇಳೀತೇವಿ ಅಂತಾರ. ಸಾಹೇಬ್ರಿಗೆ ಫೋನ್ ಮಾಡಿದ್ರ, "ಬಾದಾಮಿ ಕಡೆ ಅದೇನಿ, ಮೇಲ್ ಹಾಕವಾ, ನೋಡ್ತೇನಿ" ಅಂದ್ರು.'

ಆ ಗೌಂಡಿಗಳಲ್ಲಿ ಒಬ್ಬನನ್ನು ನಾನು ಬಲ್ಲೆ. ನಮ್ಮ ಕಂಪೌಂಡ್ ಗೋಡೆ ಕಟ್ಟಿದವನು ಅವನೇ. ಅವನ ಮಗಳು ನನ್ನ ಕ್ಲಾಸಿನಲ್ಲಿ ಕಲಿತವಳು, ಅದಕ್ಕೇ ನನ್ನನ್ನು 'ಅಕ್ಕೋರ' ಅನ್ನುತ್ತಿದ್ದ. ಫೋಟೋದಲ್ಲಿ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ತಲೆಗೆ ಕೆಂಪು ಟವೆಲ್ ಸುತ್ತಿಕೊಂಡು ನಿಂತವನು ಅವನೇ ಎಂದು ತಿಳಿಯಲು ನನಗೆ ಕನ್ನಡಕ ಬೇಕಾಗಲಿಲ್ಲ.

ಇಷ್ಟು ಗೊತ್ತಿದ್ದೂ ಕೆಂಪು ಪೆನ್ ತೆಗೆದುಕೊಂಡೆ.

'ನೋಡು, ನಿನ್ನ ಮ್ಯಾಟರ್ ಸರಿ ಐತಿ. ಆದ್ರ ಭಾಳ ಅಬ್ರಪ್ಟ್ ಆತು. ದೊಡ್ಡವರಿಗೆ ಬರೆಯೋವಾಗ ಬಾಗಿಲಾ ಒದ್ದು ಒಳಗ ಹೋಗಬಾರದು. ಸಿಟ್ಟಿಗೆದ್ದ್ರ ಪೂರ್ತಿ ಓದಂಗಿಲ್ಲ.'

'ಹಂಗಂತೀರಾ?' ಎಂದಳು.

'ನಿನ್ನ ಕೆಲಸದ ಒಳ್ಳೇದು ಮೊದಲು ಹೇಳು.'

ಮೊದಲ ಪ್ಯಾರಾ ನಾನೇ ಬರೆದೆ. ಸರ್, ತಮ್ಮ ಮಾರ್ಗದರ್ಶನದಲ್ಲಿ ಕೆಲಸ ಚೆನ್ನಾಗಿ ಸಾಗಿದೆ, ಹೊರಗಿನ ಗಿಲಾಯಿ ಮುಕ್ಕಾಲು ಪಾಲು ಮುಗಿದಿದೆ ಎಂದು ತಿಳಿಸಲು ಸಂತೋಷವಾಗುತ್ತದೆ. ಎರಡನೆಯದರಲ್ಲಿ ಮಳೆ, ಮಣ್ಣು, ಪೈಪಿನ ಕಾಲು, ಟೈಗಳು. ಮೂರನೆಯದರಲ್ಲಿ, ತಾವು ದಯವಿಟ್ಟು ಪರಿಶೀಲಿಸಿ, ತಿಳಿದವರು ಬಂದು ಸ್ಕ್ಯಾಫೋಲ್ಡಿಂಗ್ ನೋಡಿ ಒಪ್ಪಿಗೆ ಕೊಡುವವರೆಗೆ ಮೇಲಿನ ಕೆಲಸ ನಿಲ್ಲಿಸುವ ಬಗ್ಗೆ ಆಲೋಚಿಸಬೇಕಾಗಿ ವಿನಂತಿ. ಸಬ್ಜೆಕ್ಟ್ ಜಾಗದಲ್ಲಿ ಅವಳು 'ಕೆಲಸ ನಿಲ್ಲಿಸಿ' ಎಂದು ಹಾಕಿದ್ದಳು. ನಾನು ಅದನ್ನು ಹೊಡೆದು 'ಟ್ಯಾಂಕ್ ಕಾಮಗಾರಿಯ ಸ್ಥಿತಿಗತಿ ಕುರಿತು' ಎಂದು ಬರೆದೆ.

ಎಷ್ಟು ಚೆಂದದ ಲೆಟರ್ ಅದು. ಒಂದು ಕಾಮಾ ಆಚೀಚೆ ಇರಲಿಲ್ಲ. ಅವಳು ಅಲ್ಲೇ ನಿಂತು ಫೋನಿನಲ್ಲಿ ಟೈಪ್ ಮಾಡಿ, ಫೋಟೋಗಳನ್ನೂ ಸೇರಿಸಿ ಕಳಿಸಿದಳು. ನಾನು ಚಾ ಕಾಸಿದೆ.

ಚಾ ಕುಡಿದು ಮುಗಿಯುವಷ್ಟರಲ್ಲಿ ಫೋನ್ ಟಿಂಗ್ ಅಂದಿತು. ಅವಳು ಓದಿ, ನನ್ನ ಮುಖ ನೋಡಿದಳು.

'ಏನಂತ?'

'"ಗುಡ್. ಕೀಪ್ ಇಟ್ ಅಪ್" ಅಂತ್ರಿ.'

ಖರೆ ಹೇಳಬೇಕೆಂದರೆ ನನಗೆ ಮೊದಲು ಖುಷಿಯಾಯಿತು. ಒಂದು ಗಳಿಗೆ. ಆಮೇಲೆ ಇಬ್ಬರಿಗೂ ತಿಳಿಯಿತು. ಅವರು ಕಾರಿನಲ್ಲಿ ಕೂತು ಫೋನಿನ ಮೇಲಿನ ಎರಡು ಸಾಲು ಓದಿದ್ದರು. ಅಲ್ಲಿ ನಾನು ಬರೆದ ಸಾಲಿತ್ತು, ನನ್ನ 'ಸಂತೋಷ'ವಿತ್ತು. ಅವಳ ಮಾತು ಬೆರಳಿನಿಂದ ಕೆಳಕ್ಕೆ ಸರಿಸಿದರೆ ಮಾತ್ರ ಸಿಗುವ ಕಡೆ ಇತ್ತು.

ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಬಾಗಲಕೋಟೆ ಆಫೀಸಿಗೆ ಹಚ್ಚಿದಾಗ ಅಲ್ಲಿನ ಗುಮಾಸ್ತ, 'ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ್ರಿ, ನಾಳೆ ಬರ್ತಾರ. ನೀವು ಮೇಲ್ ಹಾಕಿರಲ್ರಿ?' ಎಂದ.

'ಹಾಕೇನ್ರಿ.'

'ಮತ್ತ ಆತಲ್ಲ.'

ಸೇಫ್ಟಿ ನೋಡುವವರು ಒಬ್ಬರೇ, ಅವರು ಮೂರು ಸೈಟಿಗೆ ಸೇರಿ ಇರುವವರು, ಆ ವಾರ ರಾಮಥಾಳದ ಕಡೆ ಇದ್ದರು. ನಾಳೆ ಮಧ್ಯಾಹ್ನ ಬರುತ್ತೇನೆ ಎಂದರು. ಹುಡುಗಿ ತನ್ನ ಮೊದಲಿನ ಲೆಟರನ್ನು, ಹೊಡೆದು ಹಾಕಿದ ಸಬ್ಜೆಕ್ಟ್ ಸಮೇತ, ಹಂಗೇ ಇನ್ನೊಮ್ಮೆ ಮ್ಯಾನೇಜರಿಗೆ ಕಳಿಸಿದಳು. ಆ ಎರಡನೇ ಲೆಟರಿಗೆ ಉತ್ತರ ಬರಲಿಲ್ಲ.

ಮಾರನೇ ದಿನ ಅವಳು ಬೆಳಿಗ್ಗೆ ಬೇಗ ಹೋದಳು. ಏಣಿಗೆ ಅಡ್ಡ ನಿಂತುಕೊಂಡಳಂತೆ. ಇದನ್ನು ಆಮೇಲೆ ಅವಳೇ ಹೇಳಿದ್ದು. ಮೇಸ್ತ್ರಿ, 'ಸಾಹೇಬ್ರ ಮೆಸೇಜ್ ಏನೈತಿ ತೋರಸ್ರಿ' ಎಂದನಂತೆ. ಸುಳ್ಳು ಹೇಳಲು ಬಾರದ ಹುಡುಗಿ ತೋರಿಸಿದಳು. 'ಗುಡ್, ಕೀಪ್ ಇಟ್ ಅಪ್.' ಅಷ್ಟು ಇಂಗ್ಲಿಷ್ ಮೇಸ್ತ್ರಿಗೂ ಬರುತ್ತಿತ್ತು.

'ಮತ್ತ ಇನ್ನೇನ್ರಿ ಮ್ಯಾಡಂ? ಕೀಪ್ ಅಂದಾರ. ಅತ್ಲಾಗ ಸರೀರಿ.'

ಗೌಂಡಿ ಮಾತ್ರ ಒಂದು ಗಳಿಗೆ ನಿಂತನಂತೆ. 'ಯವ್ವಾ, ನೀ ಸುಮ್ಮ ಅಂಜಬ್ಯಾಡ. ಇಪ್ಪತ್ತು ವರ್ಷಾತು ಹತ್ತಿ ಇಳದು' ಎಂದು ಟವೆಲ್ ಕೊಡವಿ ಹತ್ತಿದ.

ಬೆಳಗಿನ ಚಾದ ಹೊತ್ತಿಗೆ ಕುಸಿದ ಕಡೆಯ ಪೈಪು ಇನ್ನೂ ಕೂತಿತು. ಇಡೀ ಅಟ್ಟಣಿಗೆ ಬೀಳಲಿಲ್ಲ. ವಾಲಿ, ಟ್ಯಾಂಕಿನ ಕಂಬಕ್ಕೆ ಒರಗಿ ನಿಂತಿತು. ಆದರೆ ಮೇಲಿನ ಹಲಗೆಗಳನ್ನು ಕಟ್ಟಿರಲಿಲ್ಲ, ಅವು ಜಾರಿದವು. ಇಬ್ಬರು ಪೈಪ್ ಹಿಡಿದು ಜೋತುಬಿದ್ದು ಉಳಿದರು. ಗೌಂಡಿಯ ಒಂದು ಕೈಯಲ್ಲಿ ಗಿಲಾಯಿ ಬಳಿಯುವ ಕರಣಿ ಇತ್ತು. ಅವನು ಕೆಳಗಿನ ಅಂತಸ್ತಿನ ಪೈಪಿಗೆ ಬಡಿದು ಅಲ್ಲಿಂದ ಮಣ್ಣಿಗೆ ಬಿದ್ದ. ಸಡಿಲ ಮಣ್ಣು ಅವನ ಜೀವ ಉಳಿಸಿತು ಎಂದು ಜನ ಹೇಳಿದರು. ಅಟ್ಟಣಿಗೆಯನ್ನು ಕೂರಿಸಿದ್ದೂ ಅದೇ ಮಣ್ಣು. ಹುನಗುಂದದ ದವಾಖಾನೆಯಿಂದ ಬಾಗಲಕೋಟೆಗೆ ಒಯ್ದರು. ಬೆನ್ನುಮೂಳೆಗೆ ಪೆಟ್ಟು.

ಅವತ್ತು ಮಧ್ಯಾಹ್ನವೇ ಮ್ಯಾನೇಜರರ ಮೇಲ್ ಬಂತು. 'ಸ್ಟಾಪ್ ಆಲ್ ವರ್ಕ್ ಇಮಿಡಿಯೆಟ್ಲಿ.' ಒಂದೇ ಸಾಲು. ಡಿಯರ್ ಇಲ್ಲ, ಕೈಂಡ್ಲಿ ಇಲ್ಲ. ಯಾರೂ ಅದನ್ನು ಅಬ್ರಪ್ಟ್ ಅನ್ನಲಿಲ್ಲ.

ವಾರದ ಮೇಲೆ ನಾವಿಬ್ಬರೂ ಬಾಗಲಕೋಟೆಗೆ ಹೋದೆವು. ಗೌಂಡಿ ಅಂಗಾತ ಮಲಗಿದ್ದ. ಅವನ ಹೆಂಡತಿ ನನಗೆ ಸ್ಟೂಲ್ ಕೊಟ್ಟು, ತಾನು ಮಂಚದ ಕೆಳಗೆ ಕೂತಳು. ಅವನ ಕಾಲಿನ ಬೆರಳುಗಳು ಚಾದರದ ಹೊರಗಿದ್ದವು. ಡಾಕ್ಟರು ಮುಟ್ಟಿದರೆ ಗೊತ್ತಾಗುತ್ತಿಲ್ಲವಂತೆ. ಗೊತ್ತಾದೀತು, ಟೈಮ್ ಬೇಕು ಎಂದಿದ್ದಾರಂತೆ.

'ಅಕ್ಕೋರ, ನೀವ್ಯಾಕ ಬರಾಕ ಹೋದ್ರಿ, ಬಿಸಲಾಗ' ಎಂದ. ಆಮೇಲೆ ಹುಡುಗಿಯ ಕಡೆ ಕಣ್ಣು ತಿರುಗಿಸಿ, 'ಈ ನಮ್ಮವ್ವ ಇಳಿ ಅಂದ್ಳ್ರಿ. ಭಾಳ ಹೇಳಿದ್ಳು. ನಾನ ಕೇಳಲಿಲ್ಲ. ತಪ್ಪು ನಂದ' ಎಂದ.

ಹುಡುಗಿ ಕಿಟಕಿಯ ಕಡೆ ಹೋಗಿ ನಿಂತಳು. ನಾನು ಚೀಲದಿಂದ ಮೋಸಂಬಿ ತೆಗೆದು ಸುಲಿಯತೊಡಗಿದೆ. ತಪ್ಪು ನಿನ್ನದಲ್ಲಪ್ಪ, ನಂದು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಗೆ ಹೇಳುವುದು? ಒಂದು ಲೆಟರಿನ ಮೊದಲ ಸಾಲನ್ನು ಮೂರನೇ ಪ್ಯಾರಾಕ್ಕೆ ಇಳಿಸಿದೆ ಎಂದರೆ ಅವನಿಗೆ ಏನು ತಿಳಿದೀತು? ಮೂರು ಮೋಸಂಬಿ ಸುಲಿದೆ. ಅವನಿಗೆ ಒಂದು ತೊಳೆಯನ್ನೂ ತಿನ್ನಲಾಗಲಿಲ್ಲ.

ಆಮೇಲೆ ಕಂಪನಿಯಿಂದ ಅವಳಿಗೆ ನೋಟಿಸ್ ಬಂತು. ಅಪಾಯ ಇದೆ ಎಂದು ಸ್ಪಷ್ಟವಾಗಿ ಯಾಕೆ ತಿಳಿಸಲಿಲ್ಲ, ನಿಮ್ಮ ಲೆಟರ್ ಕೆಲಸ ಚೆನ್ನಾಗಿ ಸಾಗಿದೆ ಎಂದಿದೆಯಲ್ಲ ಎಂದು. ಅವಳು ಕಳಿಸಿದ ಎರಡನೇ ಲೆಟರಿನ ಮಾತೇ ಅದರಲ್ಲಿರಲಿಲ್ಲ.

'ನಾ ಬರ್ತೇನಿ ಆಫೀಸಿಗೆ' ಎಂದೆ. 'ಆ ಪ್ಯಾರಾ ನಾ ಬರೆದದ್ದು ಅಂತ ಹೇಳ್ತೇನಿ.'

'ಬ್ಯಾಡ್ರಿ ಆಂಟಿ. ಸಹಿ ನಂದೈತಿ. ಮನಿ ಮಾಲಕರ ಕಡೆ ಬರೆಸಿದೆ ಅಂದ್ರ ಇನ್ನೂ ನಗ್ತಾರ.' ಅವಳು ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸಿಟ್ಟಾಗಲಿಲ್ಲ.

ನೋಟಿಸಿಗೆ ಉತ್ತರ ಅವಳೇ ಬರೆದಳು, ನನ್ನ ಊಟದ ಟೇಬಲ್ ಮೇಲೆ ಕೂತು. ನಾನು ಎದುರಿಗೆ ಕೂತಿದ್ದೆ. ಬರೆದು ಮುಗಿಸಿ, ರೂಢಿಯಂತೆ ಹಾಳೆಯನ್ನು ನನ್ನ ಕಡೆ ಸರಿಸಿದಳು. ಮೊದಲ ಸಾಲಿನಲ್ಲೇ ಎಲ್ಲ ಇತ್ತು: ಮನುಷ್ಯ ಬೀಳುವ ಹಿಂದಿನ ದಿನ ಕೆಲಸ ನಿಲ್ಲಿಸಲು ಎರಡು ಸಲ ಕೇಳಿದ್ದೇನೆ. ಒಂದು ಸ್ಪೆಲಿಂಗ್ ತಪ್ಪಿತ್ತು. ಆರ್ಟಿಕಲ್ ಒಂದು ಬಿಟ್ಟುಹೋಗಿತ್ತು.

'ಸರಿ ಐತೇನ್ರಿ ಆಂಟಿ?' ಎಂದಳು.

ನಾನು ಹಾಳೆಯನ್ನು ಮುಟ್ಟದೆ, 'ಕಳಿಸು' ಎಂದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಟ್ಯಾಂಕಿನ ಸುತ್ತಲಿನ ಅಟ್ಟಣಿಗೆ ಹಂಗೇ ವಾಲಿ ನಿಂತಿದೆಯಂತೆ, ಬಿಚ್ಚಲು ಯಾರೂ ಹತ್ತುತ್ತಿಲ್ಲವಂತೆ.